ಜಿಲ್ಲಾ ಆಸ್ಪತ್ರೆ ಲ್ಯಾಬಿಗೆ ಮುಖಪತ್ರ: ಕ್ಯೂಸಿ ಕಲಿತದ್ದನ್ನು ಒಂದೇ ಘಟನೆಯಲ್ಲಿ ತೋರಿಸುವ ಬಗೆ

ಹೋದ ಬೇಸಿಗೆಯಲ್ಲಿ ಗುರುಮಠಕಲ್ ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಒಂದು ಹಾಳೆ ತಂದಳು. ಬಿಎಸ್ಸಿ ಎಂಎಲ್‌ಟಿ ಮುಗಿದಿತ್ತು, ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ಪೂ ಮುಗಿದಿತ್ತು. ಯಾದಗಿರಿ ಜಿಲ್ಲಾ ಆಸ್ಪತ್ರೆಯ ಲ್ಯಾಬಿಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದಳು. "ಅಕ್ಕಾರ, ಇದು ನಡೀತದೇನ್ ಸ್ವಲ್ಪ ನೋಡ್ರಿ" ಅಂತ ಕೈಗೆ ಕೊಟ್ಟಳು.

ಹಾಳೆಯ ನಡುವೆ ಹೀಗಿತ್ತು: "ನನಗೆ ಗುಣಮಟ್ಟ ನಿಯಂತ್ರಣದಲ್ಲಿ ಉತ್ತಮ ಜ್ಞಾನವಿದೆ. ಎಲ್ಲ ಬಗೆಯ ಯಂತ್ರಗಳನ್ನು ನಿರ್ವಹಿಸಬಲ್ಲೆ. ಪ್ರಾಮಾಣಿಕವಾಗಿ ದುಡಿಯುತ್ತೇನೆ." ಇದೇ ಮೂರು ವಾಕ್ಯ ನಾನು ಎಷ್ಟು ಅರ್ಜಿಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಹಾಳೆ ಪಕ್ಕಕ್ಕಿಟ್ಟು ಕೇಳಿದೆ: "ನೀ ಇದ್ದಾಗ ಕಂಟ್ರೋಲ್ ಯಾವಾಗರೆ ಹೊರಗ ಹೋಗಿತ್ತೇನು? ಆವಾಗ ಏನ್ ಮಾಡಿದಿ?" ಅವಳು ಅರ್ಧ ತಾಸು ಮಾತಾಡಿದಳು. ಕಂಟ್ರೋಲಿನ ಗ್ಲೂಕೋಸ್ ಎರಡು ದಿನ ಮಿತಿ ಮೀರಿ ಬಂದದ್ದು, ಎಲ್ಲರೂ ಮೆಷಿನ್ ಮೇಲೆ ಅನುಮಾನಪಟ್ಟದ್ದು, ಕೊನೆಗೆ ತಪ್ಪು ಬೇರೆ ಕಡೆ ಸಿಕ್ಕಿದ್ದು, ಎಲ್ಲ ಹೇಳಿದಳು. ಆ ಮಾತಿನಲ್ಲಿ ಇದ್ದದ್ದು ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ.

ಆ ಘಟನೆಯನ್ನು ಹಾಳೆಗೆ ಇಳಿಸಿದ ಬಗೆಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹೊಸದಾಗಿ ಓದು ಮುಗಿಸಿದವರಿಗೆ ವರ್ಷಗಳ ಅನುಭವ ತೋರಿಸಲು ಆಗುವುದಿಲ್ಲ. ಆದರೆ ಒಂದು ಕ್ಯೂಸಿ ಘಟನೆಯನ್ನು ಅಂಕಿಗಳ ಸಮೇತ ಬಿಡಿಸಿ ಹೇಳಬಲ್ಲವರು ರಾತ್ರಿ ಪಾಳಿಯಲ್ಲಿ ಒಬ್ಬರೇ ಕೂತು ರಿಪೋರ್ಟ್ ಬಿಡಬಲ್ಲರು ಅನ್ನುವ ಭರವಸೆ ಓದುವವರಿಗೆ ಬರುತ್ತದೆ.

ಹಂತ 1: ಪತ್ರ ಯಾರ ಕೈಗೆ ಹೋಗುತ್ತದೆ ಎಂದು ತಿಳಿದುಕೊಳ್ಳಿ

ಖಾಯಂ ಹುದ್ದೆಗೆ ಆನ್‌ಲೈನ್ ಅರ್ಜಿ, ಅಂಕ, ಮೀಸಲಾತಿ, ಆಯ್ಕೆ ಪಟ್ಟಿ ಇಷ್ಟೇ. ಅಲ್ಲಿ ಮುಖಪತ್ರ ಓದುವವರಿಲ್ಲ. ಅದಕ್ಕೆ ಬೆಲೆ ಬರುವುದು ಗುತ್ತಿಗೆ ಹುದ್ದೆಯ ನೇರ ಸಂದರ್ಶನದಲ್ಲಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಹುದ್ದೆಗಳಲ್ಲಿ ಮತ್ತು ತಾತ್ಕಾಲಿಕವಾಗಿ ಜನ ಬೇಕಾದಾಗ ಆಸ್ಪತ್ರೆಯೇ ಅರ್ಜಿ ಕರೆದಾಗ. ಅಂಥ ಕಡೆ ಅರ್ಜಿಗಳ ಕಟ್ಟು ಮೊದಲು ಕಚೇರಿಯ ಗುಮಾಸ್ತರ ಮೇಜಿಗೆ ಬರುತ್ತದೆ, ಆಮೇಲೆ ಸಂದರ್ಶನದ ಕೋಣೆಗೆ ಹೋಗುತ್ತದೆ.

ಇಬ್ಬರೂ ನೋಡುವುದು ಬೇರೆ ಬೇರೆ. ಗುಮಾಸ್ತರು ಹುದ್ದೆಯ ಹೆಸರು, ಪ್ರಕಟಣೆಯ ಸಂಖ್ಯೆ, ವಿದ್ಯಾರ್ಹತೆ, ಅಡಕಗಳನ್ನು ನೋಡುತ್ತಾರೆ. ಪ್ರಕಟಣೆಯಲ್ಲಿ "ಪ್ರಯೋಗಶಾಲಾ ತಂತ್ರಜ್ಞರು" ಎಂದಿದ್ದರೆ ನೀವೂ ಅಕ್ಷರ ಬಿಡದೆ ಅದನ್ನೇ ಬರೆಯಿರಿ. "ಲ್ಯಾಬ್ ಟೆಕ್ನಿಷಿಯನ್" ಅಂತ ಬದಲಿಸಬೇಡಿ. ಡಿಪ್ಲೊಮಾ ಆಗಿದ್ದರೆ ಡಿಪ್ಲೊಮಾ, ಪದವಿ ಆಗಿದ್ದರೆ ಪದವಿ, ಸರ್ಟಿಫಿಕೇಟಿನಲ್ಲಿ ಇರುವ ಹೆಸರಿನಲ್ಲೇ ಬರೆಯಬೇಕು.

ಸಂದರ್ಶನದ ಕೋಣೆಯಲ್ಲಿ ಕೂರುವವರು ಬೇರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಜಿಲ್ಲಾ ಆಸ್ಪತ್ರೆಗಳು ಈಗ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಜೊತೆ ಸೇರಿಕೊಂಡಿವೆ. ಹಾಗಾಗಿ ನಿಮ್ಮ ಪತ್ರ ಬಯೋಕೆಮಿಸ್ಟ್ರಿ ಅಥವಾ ಪೆಥಾಲಜಿ ವಿಭಾಗದ ಡಾಕ್ಟರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಎಲ್‌ಜೆ ಚಾರ್ಟ್ ಅಂದರೆ ಏನು ಎಂದು ಅವರಿಗೆ ನೀವು ತಿಳಿಸಿಕೊಡಬೇಕಿಲ್ಲ. ಅದನ್ನು ನೀವು ಕೈಯಾರೆ ಎಳೆದಿದ್ದೀರೋ ಇಲ್ಲವೋ ಎಂಬುದು ಎರಡು ಸಾಲು ಓದಿದರೆ ಅವರಿಗೆ ತಿಳಿದುಹೋಗುತ್ತದೆ.

ವಿಳಾಸದ ಬಗ್ಗೆಯೂ ಎಚ್ಚರ ಬೇಕು. ಜಿಲ್ಲಾ ಶಸ್ತ್ರಚಿಕಿತ್ಸಕರು, ವೈದ್ಯಕೀಯ ಅಧೀಕ್ಷಕರು, ಸಂಸ್ಥೆಯ ನಿರ್ದೇಶಕರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಇವರಲ್ಲಿ ಪ್ರಕಟಣೆಗೆ ಸಹಿ ಹಾಕಿದವರು ಯಾರೋ ಅವರಿಗೇ ಬರೆಯಿರಿ.

ಹಂತ 2: ಲಾಗ್‌ಬುಕ್ ತೆಗೆದು ಒಂದು ಘಟನೆ ಆರಿಸಿ

ಇಂಟರ್ನ್‌ಶಿಪ್ಪಿನ ಲಾಗ್‌ಬುಕ್ ತೆಗೆದು ಕೂತುಕೊಳ್ಳಿ. ಕಂಟ್ರೋಲ್ ಮಿತಿಯ ಹೊರಗೆ ಬಂದ ದಿನಗಳನ್ನು ಗುರುತು ಮಾಡಿ. ಎಲ್ಲ ಸರಿಯಾಗಿ ನಡೆದ ದಿನಗಳು ಪತ್ರಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಆ ದಿನ ನೀವು ಏನನ್ನೂ ನಿರ್ಧಾರ ಮಾಡಿರುವುದಿಲ್ಲ.

ಗುರುತು ಮಾಡಿದ ದಿನಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು? ನೀವು ಅಲ್ಲೇ ನಿಂತು ನೋಡಿದ್ದು, ಕಾರಣ ಖಚಿತವಾಗಿ ಸಿಕ್ಕಿದ್ದು, ಸರಿಪಡಿಸಿದ ಮೇಲೆ ಮತ್ತೆ ಕಂಟ್ರೋಲ್ ಹಾಕಿ ಖಾತ್ರಿ ಮಾಡಿಕೊಂಡದ್ದು ಆಗಿರಬೇಕು. "ಸರ್ವಿಸ್ ಇಂಜಿನಿಯರ್ ಬಂದು ರಿಪೇರಿ ಮಾಡಿದರು" ಎಂದು ಮುಗಿಯುವ ಘಟನೆ ಬೇಡ, ಅದು ಇಂಜಿನಿಯರರ ಕಥೆಯಾಗುತ್ತದೆ.

ಅಂಕಿಗಳು ನಿಮ್ಮ ಲಾಗ್‌ಬುಕ್ಕಿನಲ್ಲಿ ಇರಬೇಕು. ಇಲ್ಲದಿದ್ದರೆ ಆ ಲ್ಯಾಬಿನ ಮುಖ್ಯಸ್ಥರನ್ನು ಕೇಳಿ ಕ್ಯೂಸಿ ಫೈಲಿನಿಂದ ಬರೆದುಕೊಳ್ಳಿ. ಕೇಳದೆ ರಿಜಿಸ್ಟರಿನ ಫೋಟೊ ಹೊಡೆದುಕೊಂಡು ಬರುವವರಿದ್ದಾರೆ, ಅದು ಸರಿಯಲ್ಲ. ಪಕ್ಕದ ಪುಟದಲ್ಲಿ ರೋಗಿಗಳ ಹೆಸರಿರುತ್ತದೆ. ಅಂಥ ಫೋಟೊವನ್ನು ಸಂದರ್ಶನದಲ್ಲಿ ತೋರಿಸಿದರೆ, ನಾಳೆ ನಮ್ಮ ಲ್ಯಾಬಿನ ರಿಜಿಸ್ಟರಿನದೂ ಇದೇ ಗತಿ ಎಂದು ಎದುರಿಗಿದ್ದವರಿಗೆ ಅನಿಸುತ್ತದೆ.

ಹಂತ 3: ಬರೆಯುವ ಮೊದಲು ಘಟನೆಯನ್ನು ಅಂಕಿ ಸಮೇತ ಬಿಡಿಸಿಕೊಳ್ಳಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಗುರುಮಠಕಲ್ ಹುಡುಗಿಯ ಘಟನೆಯನ್ನೇ ತೆಗೆದುಕೊಳ್ಳೋಣ.

ಅವಳಿದ್ದ ಲ್ಯಾಬಿನಲ್ಲಿ ದಿನಾ ಬೆಳಿಗ್ಗೆ ಎರಡು ಕಂಟ್ರೋಲ್ ಹಾಕುತ್ತಿದ್ದರು, ಲೆವೆಲ್ 1 ಮತ್ತು ಲೆವೆಲ್ 2. ಲೆವೆಲ್ 1ರ ಗ್ಲೂಕೋಸ್‌ಗೆ 20 ದಿನಗಳ ಅಂಕಿಗಳಿಂದ ಲ್ಯಾಬೇ ಲೆಕ್ಕ ಹಾಕಿಕೊಂಡ ಸರಾಸರಿ 98 ಮಿ.ಗ್ರಾಂ, ಎಸ್‌ಡಿ 2.5. ಅಂದರೆ ಎರಡು ಎಸ್‌ಡಿಯ ಮೇಲಿನ ಗೆರೆ 103, ಮೂರು ಎಸ್‌ಡಿಯ ಗೆರೆ 105.5. ಒಂದು ಸೋಮವಾರ ಲೆವೆಲ್ 1ರ ಹೊಸ ವಯಲ್ ಕರಗಿಸಿ ಹಾಕಿದಾಗ ಗ್ಲೂಕೋಸ್ 104 ಬಂತು.

ಒಂದು ಸಲ ಎರಡು ಎಸ್‌ಡಿ ದಾಟಿದರೆ ಅದು ಎಚ್ಚರಿಕೆ ಅಷ್ಟೇ. ಎಲ್ಲ ಸರಿಯಿದ್ದಾಗಲೂ ನೂರರಲ್ಲಿ ನಾಲ್ಕೈದು ಸಲ ಹೀಗೆ ತಾನಾಗಿ ಆಗುತ್ತದೆ. ಬೇರೆ ನಿಯಮ ಯಾವುದೂ ಮುರಿದಿರಲಿಲ್ಲ, ಲೆವೆಲ್ 2 ಮಿತಿಯೊಳಗಿತ್ತು, ಹಾಗಾಗಿ ರನ್ ಒಪ್ಪಿಕೊಂಡು ಕೆಲಸ ನಡೆಸಿದರು. ಮಂಗಳವಾರ ಅದೇ ವಯಲ್ ಹಾಕಿದಾಗ 104.5 ಬಂತು. ಒಂದೇ ಕಡೆಗೆ ಸತತ ಎರಡು ಸಲ ಎರಡು ಎಸ್‌ಡಿ ದಾಟಿದರೆ ವೆಸ್ಟ್‌ಗಾರ್ಡ್ ನಿಯಮಗಳಲ್ಲಿ 2-2ಎಸ್ ಅನ್ನುತ್ತೇವೆ. ಇದನ್ನು ಆಕಸ್ಮಿಕ ಎಂದು ಬಿಡುವಂತಿಲ್ಲ. ಏನೋ ಒಂದು ಕಾರಣ ಅಂಕಿಯನ್ನು ಒಂದೇ ದಿಕ್ಕಿಗೆ ತಳ್ಳುತ್ತಿದೆ ಎಂದರ್ಥ. ರನ್ ತಡೆದರು, ರಿಪೋರ್ಟ್ ನಿಲ್ಲಿಸಿದರು.

ಈಗ ಎಲ್ಲರ ಕಣ್ಣು ಮೆಷಿನ್ ಮೇಲೆ ಬಿತ್ತು. ಕ್ಯಾಲಿಬ್ರೇಷನ್ ಜಾರಿದೆ, ಮತ್ತೆ ಮಾಡೋಣ ಎಂದು ಒಬ್ಬರು. ಫ್ಯಾಕ್ಟರ್ ಸ್ವಲ್ಪ ಇಳಿಸಿದರೆ ಸಾಕು ಎಂದು ಇನ್ನೊಬ್ಬರು. ಹುಡುಗಿಗೆ ಒಂದು ಅನುಮಾನ ಬಂತು: ಕ್ಯಾಲಿಬ್ರೇಷನ್ನೋ ರೀಏಜೆಂಟೋ ಕೆಟ್ಟಿದ್ದರೆ ಲೆವೆಲ್ 2ರ ಗ್ಲೂಕೋಸೂ ಸರಿಯಬೇಕಿತ್ತಲ್ಲ? ಅದು ತನ್ನ ಸರಾಸರಿಯ ಪಕ್ಕದಲ್ಲೇ ಇತ್ತು.

ಅವಳು ಅದೇ ಲೆವೆಲ್ 1 ವಯಲಿನ ಉಳಿದ ಟೆಸ್ಟ್‌ಗಳ ಚಾರ್ಟ್ ತೆಗೆದಳು. ಯೂರಿಯಾದ ಸರಾಸರಿ 40, ಎಸ್‌ಡಿ 1.5, ಆ ದಿನ ಬಂದದ್ದು 42.5. ಕ್ರಿಯಾಟಿನಿನ್ ಸರಾಸರಿ 1.20, ಎಸ್‌ಡಿ 0.05, ಬಂದದ್ದು 1.28. ಎರಡೂ ಎರಡು ಎಸ್‌ಡಿಯ ಒಳಗೇ ಇದ್ದುದರಿಂದ ಯಾರೂ ಅವನ್ನು ಗಮನಿಸಿರಲಿಲ್ಲ. ಅವಳು ಎಸ್‌ಡಿ ಬಿಟ್ಟು ಶೇಕಡಾ ಲೆಕ್ಕ ಹಾಕಿದಳು. ಗ್ಲೂಕೋಸ್ ಸುಮಾರು ಶೇ. 6.6 ಏರಿತ್ತು, ಯೂರಿಯಾ ಶೇ. 6.3, ಕ್ರಿಯಾಟಿನಿನ್ ಶೇ. 6.7. ಮೂರು ಬೇರೆ ಬೇರೆ ಟೆಸ್ಟ್, ಮೂರು ಬೇರೆ ಬೇರೆ ರೀಏಜೆಂಟ್, ಆದರೆ ಏರಿಕೆ ಒಂದೇ ಪ್ರಮಾಣದ್ದು. ಗ್ಲೂಕೋಸಿನ ಎಸ್‌ಡಿ ಅದರ ಸರಾಸರಿಗೆ ಹೋಲಿಸಿದರೆ ಚಿಕ್ಕದು, ಹಾಗಾಗಿ ಗೆರೆ ದಾಟಿದ್ದು ಅದೊಂದೇ.

ಮೂರಕ್ಕೂ ಸಮಾನವಾಗಿದ್ದು ವಯಲ್ ಮಾತ್ರ. ಅಲ್ಲಿ ಬಳಸುತ್ತಿದ್ದ ಕಂಟ್ರೋಲ್ ಒಣ ಪುಡಿಯ ರೂಪದಲ್ಲಿ ಬರುತ್ತದೆ. ಅದಕ್ಕೆ ಸರಿಯಾಗಿ 5 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ, ಅಲುಗಿಸದೆ ಇಟ್ಟು, ಆಮೇಲೆ ನೊರೆ ಬರದಂತೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ನೀರು ಕಡಿಮೆ ಬಿದ್ದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಗಟ್ಟಿಯಾಗುತ್ತದೆ. ಆ ಸೋಮವಾರ 5 ಮಿ.ಲೀ. ವಾಲ್ಯೂಮೆಟ್ರಿಕ್ ಪಿಪೆಟ್ ಸಿಗದೆ, 1000 ಮೈಕ್ರೋಲೀಟರಿನ ಮೈಕ್ರೋಪಿಪೆಟ್ಟಿನಿಂದ ಐದು ಸಲ ನೀರು ಹಾಕಿದ್ದರು. ಹಾಕಿದ್ದು ಬೇರೆ ಯಾರೂ ಅಲ್ಲ, ಅವಳೇ.

ಅನುಮಾನವನ್ನು ಖಾತ್ರಿ ಮಾಡಿಕೊಂಡ ರೀತಿ ನನಗೆ ಬಹಳ ಹಿಡಿಸಿತು. ಆ ಪಿಪೆಟ್ಟಿನಿಂದ ನೀರನ್ನು ತಕ್ಕಡಿಯ ಮೇಲಿನ ಬೀಕರಿಗೆ ಬಿಟ್ಟು ತೂಗಿದಳು. 1000 ಮೈಕ್ರೋಲೀಟರ್ ನೀರು ಹೆಚ್ಚೂಕಡಿಮೆ 1 ಗ್ರಾಂ ತೂಗಬೇಕು, ಅದು 0.94 ಗ್ರಾಂ ತೂಗಿತು. ಐದು ಸಲಕ್ಕೆ 4.7 ಮಿ.ಲೀ. ಆಯಿತು. 5 ಅನ್ನು 4.7ರಿಂದ ಭಾಗಿಸಿದರೆ 1.064, ಅಂದರೆ ಶೇ. 6.4 ಏರಿಕೆ. ಸರಾಸರಿ 98ಕ್ಕೆ ಅದನ್ನು ಗುಣಿಸಿದರೆ 104.3. ಮೆಷಿನ್ ತೋರಿಸಿದ್ದು 104 ಮತ್ತು 104.5. ಹೊಸ ವಯಲನ್ನು ಸರಿಯಾದ ಪಿಪೆಟ್ಟಿನಿಂದ ಕರಗಿಸಿ ಹಾಕಿದಾಗ 98.5 ಬಂತು. ರನ್ ಒಪ್ಪಿ, ತಡೆದ ರಿಪೋರ್ಟುಗಳನ್ನು ಬಿಟ್ಟರು. ಆ ಪಿಪೆಟ್ಟನ್ನು ಕ್ಯಾಲಿಬ್ರೇಷನ್‌ಗೆ ಕಳಿಸಿದರು.

ಇಲ್ಲಿ ಇನ್ನೊಂದು ವಿಚಾರವಿದೆ. ಪತ್ರದ ತೂಕ ಇರುವುದು ಇದರಲ್ಲೇ. ಮೆಷಿನ್ ಸರಿಯಾಗಿಯೇ ಇತ್ತು, ರೋಗಿಗಳ ಅಂಕಿಗಳೂ ಸರಿಯಾಗಿದ್ದವು. ಕಂಟ್ರೋಲನ್ನು ಗೆರೆಯೊಳಗೆ ತರುವುದಕ್ಕೆಂದು ಫ್ಯಾಕ್ಟರ್ ಇಳಿಸಿದ್ದರೆ, ಆ ದಿನ ಬೆಳಿಗ್ಗೆ ಉಪವಾಸದಲ್ಲಿ 126 ಇದ್ದವರ ಗ್ಲೂಕೋಸ್ 118 ಅಂತ ರಿಪೋರ್ಟ್ ಆಗುತ್ತಿತ್ತು. 126 ಸಕ್ಕರೆ ಕಾಯಿಲೆಯ ಗೆರೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹಸಿದ ಹೊಟ್ಟೆಯಲ್ಲಿ ಬಂದವರನ್ನು ಏನಿಲ್ಲ ಎಂದು ವಾಪಸ್ ಕಳಿಸಿದಂತಾಗುತ್ತಿತ್ತು.

ನಿಮ್ಮ ಘಟನೆ ಬೇರೆ ಇರಬಹುದು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ರಿಜ್ 8 ಡಿಗ್ರಿ ದಾಟಿದ್ದು ಇರಬಹುದು, ಸೆಲ್ ಕೌಂಟರಿನ ಕಂಟ್ರೋಲನ್ನು ಸರಿಯಾಗಿ ಮಿಕ್ಸ್ ಮಾಡದೆ ಹಾಕಿ ಹಿಮೋಗ್ಲೋಬಿನ್ ತಪ್ಪಿದ್ದು ಇರಬಹುದು. ಯಾವುದಾದರೂ ಸರಿ, ಮೇಲಿನ ಹಾಗೆ ಏನು ಕಂಡಿತು, ಯಾವ ನಿಯಮ ಮುರಿಯಿತು, ಯಾವುದನ್ನು ಯಾವ ಕಾರಣಕ್ಕೆ ಪಟ್ಟಿಯಿಂದ ತೆಗೆದಿರಿ, ಕಾರಣವನ್ನು ಹೇಗೆ ಖಾತ್ರಿ ಮಾಡಿಕೊಂಡಿರಿ ಎಂದು ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆಯಿರಿ. ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಕ್ಯಾಲ್ಕುಲೇಟರ್ ಹಿಡಿದು ನೋಡಿ. ತಾಳೆಯಾಗದಿದ್ದರೆ ಆ ಘಟನೆ ಬಿಟ್ಟು ಇನ್ನೊಂದನ್ನು ಹಿಡಿಯಿರಿ. ಅಂಕಿಯನ್ನು ಹೊಂದಿಸಿಕೊಂಡು ಬರೆಯುವುದು ಬೇಡವೇ ಬೇಡ. ಅಂಕಿ ತಿದ್ದದೇ ಇರುವ ಮನುಷ್ಯ ಬೇಕು ಅಂತಲೇ ಅವರು ಈ ಹುದ್ದೆಗೆ ಜನ ಹುಡುಕುತ್ತಿರುವುದು.

ಹಂತ 4: ಎರಡು ಪುಟವನ್ನು ಎಂಟು ಸಾಲಿಗೆ ಇಳಿಸಿ

ಪತ್ರ ಒಂದು ಪುಟ ಮೀರಬಾರದು. ಮೇಲಿನದೆಲ್ಲ ಅಲ್ಲಿ ಹಿಡಿಯುವುದಿಲ್ಲ. ಪತ್ರದಲ್ಲಿ ನಾಲ್ಕೈದು ಅಂಕಿ ಸಾಕು, ಉಳಿದದ್ದು ಸಂದರ್ಶನಕ್ಕಿರಲಿ. ಗ್ಲೂಕೋಸ್ 104, 104.5, ಮೂರೂ ಟೆಸ್ಟ್‌ಗಳಲ್ಲಿ ಸುಮಾರು ಶೇ. 6ರ ಏರಿಕೆ, ಪಿಪೆಟ್ಟಿನ 0.94 ಗ್ರಾಂ, ಕೊನೆಗೆ 98.5. ಇಷ್ಟರಲ್ಲಿ ಕಥೆ ನಿಲ್ಲುತ್ತದೆ.

ಇಳಿಸುವಾಗ ಹುಡುಗಿ ಎರಡು ಕಡೆ ತಡವರಿಸಿದಳು. ಮೊದಲನೆಯದು, ವಯಲ್ ಕರಗಿಸಿದ್ದು ತಾನೇ ಎಂದು ಬರೆಯಬೇಕೋ ಬೇಡವೋ. "ಅದನ್ನ ಬರದ್ರ ನನ್ನ ತಪ್ಪು ನಾನೇ ಒಪ್ಪಿದಂಗ ಆಗ್ತದಲ್ರೀ" ಅಂದಳು. ಬರೆಯಲೇಬೇಕು ಎಂದೆ. "ವಯಲ್ ತಪ್ಪಾಗಿ ಕರಗಿಸಲಾಗಿತ್ತು" ಎಂದು ಬರೆದರೆ ಯಾರು ಕರಗಿಸಿದ್ದು ಎನ್ನುವ ಪ್ರಶ್ನೆ ಬಂದೇ ಬರುತ್ತದೆ, ಆಗ ಹೇಳಿದರೆ ಮುಚ್ಚಿಟ್ಟಂತೆ ಕಾಣುತ್ತದೆ. ಲ್ಯಾಬ್ ನಡೆಸುವವರಿಗೆ ತನ್ನ ತಪ್ಪನ್ನು ತಾನೇ ಹುಡುಕಿ ರಿಜಿಸ್ಟರಿನಲ್ಲಿ ಬರೆಯುವವರು ಬೇಕು. ತಪ್ಪು ಮುಚ್ಚುವವರ ಪಾಳಿಯ ರಿಪೋರ್ಟಿಗೆ ಸಹಿ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ.

ಎರಡನೆಯದು "ನಾನು" ಮತ್ತು "ನಾವು". ರನ್ ತಡೆದದ್ದು, ರಿಪೋರ್ಟ್ ಬಿಟ್ಟದ್ದು ಹಿರಿಯ ತಂತ್ರಜ್ಞರು, ಇಂಟರ್ನ್‌ಗೆ ಆ ಅಧಿಕಾರ ಇರುವುದಿಲ್ಲ. "ನಾನು ರನ್ ರದ್ದು ಮಾಡಿದೆ" ಎಂದು ಬರೆದರೆ ಓದುವ ಡಾಕ್ಟರಿಗೆ ಅಲ್ಲೇ ಅನುಮಾನ ಹುಟ್ಟುತ್ತದೆ. ಲೆಕ್ಕ ಹಾಕಿದ್ದು ನಾನು, ಪಿಪೆಟ್ ತೂಗಿದ್ದು ನಾನು, ನಿರ್ಧಾರ ಹಿರಿಯರದು. ಇದ್ದದ್ದನ್ನು ಹಾಗೆಯೇ ಬರೆಯಬೇಕು. ಹಾಗೆಯೇ ಅಲ್ಲಿ ಫ್ಯಾಕ್ಟರ್ ಇಳಿಸಲು ಹೇಳಿದವರ ಸುದ್ದಿ ಪತ್ರಕ್ಕೆ ಬೇಡ. ಹಳೆಯ ಲ್ಯಾಬನ್ನು ದೂರುವ ಪತ್ರ ಹೊಸ ಲ್ಯಾಬಿಗೆ ಹಿಡಿಸುವುದಿಲ್ಲ.

ಭಾಷೆ ಕನ್ನಡವಿರಲಿ, ಕಚೇರಿಯ ವ್ಯವಹಾರವೂ ಕನ್ನಡದಲ್ಲೇ ಇದೆ. ಆದರೆ ಕಂಟ್ರೋಲನ್ನು "ನಿಯಂತ್ರಣ ದ್ರಾವಣ" ಮಾಡಿ, ಪಿಪೆಟ್ಟನ್ನು "ಹೀರು ಕೊಳವೆ" ಮಾಡಿ ಬರೆಯಬೇಡಿ. ಲ್ಯಾಬಿನಲ್ಲಿ ಬಾಯಲ್ಲಿ ಬರುವ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪ್ರಕಟಣೆಯೇ ಇಂಗ್ಲಿಷಿನಲ್ಲಿದ್ದು ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಕೇಳಿದ್ದರೆ ಮಾತ್ರ ಇಂಗ್ಲಿಷ್.

ನಾವಿಬ್ಬರೂ ಕೂತು ಮೂರು ಸಲ ತಿದ್ದಿದ ಮೇಲೆ ಪತ್ರ ಹೀಗಾಯಿತು:

> ಇವರಿಂದ,
> (ಹೆಸರು, ಪೂರ್ಣ ವಿಳಾಸ, ಮೊಬೈಲ್ ಸಂಖ್ಯೆ)
>
> ಇವರಿಗೆ,
> (ಪ್ರಕಟಣೆಗೆ ಸಹಿ ಮಾಡಿದ ಅಧಿಕಾರಿಯ ಹುದ್ದೆ),
> ಜಿಲ್ಲಾ ಆಸ್ಪತ್ರೆ, ಯಾದಗಿರಿ.
>
> ಮಾನ್ಯರೇ,
>
> ವಿಷಯ: ಪ್ರಯೋಗಶಾಲಾ ತಂತ್ರಜ್ಞರ ಹುದ್ದೆಗೆ ಅರ್ಜಿ ಸಲ್ಲಿಸುವ ಬಗ್ಗೆ.
> ಉಲ್ಲೇಖ: ಪ್ರಕಟಣೆ ಸಂಖ್ಯೆ ____, ದಿನಾಂಕ ____.
>
> ಮೇಲ್ಕಂಡ ಪ್ರಕಟಣೆಯಂತೆ ಪ್ರಯೋಗಶಾಲಾ ತಂತ್ರಜ್ಞರ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಬಿಎಸ್ಸಿ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ ಪದವಿ ಮುಗಿಸಿದ್ದು, (ಆಸ್ಪತ್ರೆಯ ಹೆಸರು) ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಪೂರೈಸಿದ್ದೇನೆ. ಇದರಲ್ಲಿ ನಾಲ್ಕು ತಿಂಗಳು ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಪ್ರತಿದಿನ ಬೆಳಿಗ್ಗೆ ಎರಡು ಲೆವೆಲ್ ಕಂಟ್ರೋಲ್ ಹಾಕುವುದು, ಎಲ್‌ಜೆ ಚಾರ್ಟ್ ತುಂಬುವುದು ಮತ್ತು ಫ್ರಿಜ್ ತಾಪಮಾನ ದಾಖಲಿಸುವುದು ನನ್ನ ಕೆಲಸವಾಗಿತ್ತು.
>
> ಆ ಅವಧಿಯಲ್ಲಿ ಲೆವೆಲ್ 1 ಗ್ಲೂಕೋಸ್ (ಸರಾಸರಿ 98, ಎಸ್‌ಡಿ 2.5) ಸತತ ಎರಡು ದಿನ 104 ಮತ್ತು 104.5 ಬಂದು 2-2ಎಸ್ ನಿಯಮ ಮುರಿಯಿತು. ಹಿರಿಯ ತಂತ್ರಜ್ಞರು ರನ್ ತಡೆದರು. ಲೆವೆಲ್ 2 ಮಿತಿಯೊಳಗೆ ಇದ್ದುದರಿಂದ ನಾನು ಅದೇ ವಯಲಿನ ಯೂರಿಯಾ ಮತ್ತು ಕ್ರಿಯಾಟಿನಿನ್ ಲೆಕ್ಕ ಹಾಕಿ ನೋಡಿದೆ. ಅವು ಮಿತಿಯೊಳಗಿದ್ದರೂ ಮೂರೂ ಟೆಸ್ಟ್‌ಗಳು ಸುಮಾರು ಶೇ. 6ರಷ್ಟು ಏರಿದ್ದವು. ವಯಲನ್ನು ಕರಗಿಸಿದ್ದು ನಾನೇ. ಬಳಸಿದ ಮೈಕ್ರೋಪಿಪೆಟ್ ತೂಗಿ ನೋಡಿದಾಗ 1000 ಮೈಕ್ರೋಲೀಟರಿಗೆ 0.94 ಗ್ರಾಂ ನೀರು ಮಾತ್ರ ಬೀಳುತ್ತಿತ್ತು. 5 ಮಿ.ಲೀ. ವಾಲ್ಯೂಮೆಟ್ರಿಕ್ ಪಿಪೆಟ್ಟಿನಿಂದ ಕರಗಿಸಿದ ಹೊಸ ವಯಲ್ 98.5 ತೋರಿಸಿತು. ಇದನ್ನು ಸರಿಪಡಿಸುವ ಕ್ರಮದ ರಿಜಿಸ್ಟರಿನಲ್ಲಿ ದಾಖಲಿಸಿದೆ. ಮೆಷಿನ್ ಫ್ಯಾಕ್ಟರ್ ಬದಲಿಸಿದ್ದರೆ ರೋಗಿಗಳ ಗ್ಲೂಕೋಸ್ 126ರ ಬದಲು 118 ಎಂದು ವರದಿಯಾಗುತ್ತಿತ್ತು.
>
> ಸೆಲ್ ಕೌಂಟರ್ ಕಂಟ್ರೋಲ್ ಹಾಕುವುದನ್ನು ಕಲಿತಿದ್ದೇನೆ. ಹೊರಗಿನ ಗುಣಮಟ್ಟ ಪರೀಕ್ಷೆಯ ಸ್ಯಾಂಪಲ್‌ಗಳನ್ನು ಹಿರಿಯರು ಮಾಡುವಾಗ ನೋಡಿದ್ದೇನೆ, ನಾನು ಸ್ವತಂತ್ರವಾಗಿ ಮಾಡಿಲ್ಲ. ರಾತ್ರಿ ಪಾಳಿ ಸೇರಿದಂತೆ ಯಾವುದೇ ಪಾಳಿಯಲ್ಲಿ ಕೆಲಸ ಮಾಡಲು ಸಿದ್ಧಳಿದ್ದೇನೆ. ನನ್ನ ಲಾಗ್‌ಬುಕ್ಕನ್ನು ಸಂದರ್ಶನಕ್ಕೆ ತರುತ್ತೇನೆ.
>
> ವಂದನೆಗಳೊಂದಿಗೆ,
>
> ಸ್ಥಳ:
> ದಿನಾಂಕ:
> ತಮ್ಮ ವಿಶ್ವಾಸಿ,
> (ಸಹಿ)
>
> ಅಡಕಗಳು: (ಪ್ರಕಟಣೆಯಲ್ಲಿ ಕೇಳಿದ ಕ್ರಮದಲ್ಲಿ)

"ನಾನು ಸ್ವತಂತ್ರವಾಗಿ ಮಾಡಿಲ್ಲ" ಎಂಬ ಸಾಲನ್ನು ತೆಗೆದುಬಿಡೋಣವೇ ಎಂದು ಅವಳು ಕೇಳಿದ್ದಳು. ಇರಲಿ ಎಂದೆ. ವೆಲ್ಲೂರಿನ ಸಿಎಂಸಿ ನಡೆಸುವಂಥ ಹೊರಗಿನ ಗುಣಮಟ್ಟ ಕಾರ್ಯಕ್ರಮದಲ್ಲಿ ಮಾದರಿಯ ನಿಜವಾದ ಅಂಕಿ ಲ್ಯಾಬಿಗೆ ಗೊತ್ತಿರುವುದಿಲ್ಲ. ಟೆಸ್ಟ್ ಮಾಡಿ ಕಳಿಸಿದ ಮೇಲೆ ಬೇರೆ ಲ್ಯಾಬುಗಳ ಜೊತೆ ಹೋಲಿಸಿ ವರದಿ ಬರುತ್ತದೆ. ಆ ವರದಿ ಓದುವುದೇ ಒಂದು ಕೆಲಸ. ಅದನ್ನು ಮಾಡಿದ್ದೇನೆ ಎಂದು ಬರೆದವರನ್ನು ಡಾಕ್ಟರು ಅದರ ಬಗ್ಗೆ ಮುಂದಿನ ಪ್ರಶ್ನೆ ಕೇಳದೆ ಬಿಡುವುದಿಲ್ಲ.

ಹಂತ 5: ಪತ್ರದಿಂದ ಹುಟ್ಟುವ ಪ್ರಶ್ನೆಗಳಿಗೆ ತಯಾರಾಗಿ

ಇಂಥ ಪತ್ರದ ದೊಡ್ಡ ಉಪಯೋಗ ಏನೆಂದರೆ ಪ್ರಶ್ನೆಗಳು ನಿಮಗೆ ಗೊತ್ತಿರುವ ಜಾಗಕ್ಕೆ ಬರುತ್ತವೆ. ಹಾಗೆ ಬಂದಾಗ ತಡವರಿಸಿದರೆ ಪತ್ರ ಬೇರೆಯವರು ಬರೆದುಕೊಟ್ಟದ್ದು ಎನ್ನುವ ಹಾಗೆ ಆಗುತ್ತದೆ.

ಎಲ್ಲರಿಗೂ ಕೇಳುವ ಪ್ರಶ್ನೆ: ಕಂಟ್ರೋಲ್ ಹೊರಗೆ ಬಂದರೆ ಮೊದಲು ಏನು ಮಾಡುತ್ತೀರಿ? ಹತ್ತರಲ್ಲಿ ಏಳೆಂಟು ಜನ "ಮತ್ತೊಮ್ಮೆ ಓಡಿಸ್ತೀನ್ರಿ" ಅನ್ನುತ್ತಾರೆ. ಒಳಗೆ ಬರುವ ತನಕ ಓಡಿಸುತ್ತಾ ಹೋದರೆ ಎಂದಾದರೂ ಒಂದು ಸಲ ಒಳಗೆ ಬಂದೇ ಬರುತ್ತದೆ, ಕಾರಣ ಮಾತ್ರ ಅಲ್ಲೇ ಉಳಿಯುತ್ತದೆ. ಸರಿಯಾದ ಉತ್ತರ ರಿಪೋರ್ಟ್ ತಡೆಯುವುದರಿಂದ ಶುರುವಾಗುತ್ತದೆ. ಆಮೇಲೆ ಯಾವ ನಿಯಮ ಮುರಿದಿದೆ, ಇನ್ನೊಂದು ಲೆವೆಲ್ ಏನು ಹೇಳುತ್ತಿದೆ, ಹಿಂದಿನ ದಿನಗಳಲ್ಲಿ ಗೆರೆ ಎತ್ತ ಸಾಗಿತ್ತು ಎಂದು ಚಾರ್ಟ್ ನೋಡುವುದು. ಅದರ ನಂತರವೇ ಕೈ ಮೆಷಿನ್ ಮೇಲೆ ಹೋಗಬೇಕು.

ಎರಡನೆಯ ಪ್ರಶ್ನೆ ಸ್ವಲ್ಪ ಕಠಿಣ: ಸೋಮವಾರ 104 ಬಂದಾಗಲೇ ಯಾಕೆ ಹುಡುಕಲಿಲ್ಲ? ಅವಳಿಗೆ ಹೇಳಿಕೊಟ್ಟದ್ದು ಇಷ್ಟು: ಒಂದೇ ಸಲದ ಎಚ್ಚರಿಕೆಗೆ ರನ್ ರದ್ದು ಮಾಡುವ ನಿಯಮವಿಲ್ಲ, ಆದರೆ ಹೊಸ ವಯಲ್ ತೆರೆದ ದಿನವೇ ಏರಿದ್ದರಿಂದ ಆ ದಿನವೇ ಉಳಿದ ಟೆಸ್ಟ್‌ಗಳ ಶೇಕಡಾ ನೋಡಬಹುದಿತ್ತು, ಈಗಾದರೆ ನೋಡುತ್ತೇನೆ. ಅವಳಿಗೆ ಹಾಗೆ ನಿಜವಾಗಿಯೂ ಅನಿಸಿತ್ತು, ಅದಕ್ಕೇ ಹೇಳು ಎಂದೆ.

ಮೂರನೆಯದು ಮಿತಿಯ ಪ್ರಶ್ನೆ: ಎರಡೂ ಲೆವೆಲ್ ಒಂದೇ ಪ್ರಮಾಣದಲ್ಲಿ ಏರಿದ್ದರೆ? ಆಗ ಒಂದೇ ವಯಲಿನ ತಪ್ಪು ಎನ್ನಲು ಆಗುವುದಿಲ್ಲ. ಒಂದೇ ಟೆಸ್ಟ್ ಏರಿದ್ದರೆ ಅದರ ಕ್ಯಾಲಿಬ್ರೇಷನ್ ಅಥವಾ ರೀಏಜೆಂಟ್ ಲಾಟ್ ನೋಡಬೇಕು. ಎಲ್ಲ ಟೆಸ್ಟೂ ಏರಿದ್ದರೆ ಎರಡೂ ವಯಲನ್ನು ಅದೇ ಪಿಪೆಟ್ಟಿನಿಂದ ಕರಗಿಸಿದ್ದೇ ಎಂದು ಕೇಳಿಕೊಳ್ಳಬೇಕು, ಮೆಷಿನ್ ಸ್ಯಾಂಪಲ್ ಎಳೆಯುವ ಪ್ರಮಾಣವನ್ನೂ ನೋಡಬೇಕು.

ಹಂತ 6: ಅಡಕಗಳು

ಮುಖಪತ್ರ ಎಲ್ಲದರ ಮೇಲೆ, ಅದರ ಕೆಳಗೆ ಪ್ರಕಟಣೆಯಲ್ಲಿ ಹೇಳಿದ ಕ್ರಮದಲ್ಲೇ ದಾಖಲೆಗಳು. ಅಂಕಪಟ್ಟಿ, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಡಿಪ್ಲೊಮಾದವರು ಪ್ಯಾರಾಮೆಡಿಕಲ್ ಬೋರ್ಡಿನ ನೋಂದಣಿ. ಕೇಳಿದ್ದರೆ 371ಜೆ ಸ್ಥಳೀಯ ಅರ್ಹತಾ ಪ್ರಮಾಣಪತ್ರ ಬೇಕು. ಅದನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಪ್ರಕಟಣೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ದಾಟಿಬಿಡುತ್ತದೆ, ಮೊದಲೇ ಮಾಡಿಸಿಟ್ಟುಕೊಳ್ಳಿ. ಇಂಟರ್ನ್‌ಶಿಪ್ ಪ್ರಮಾಣಪತ್ರದಲ್ಲಿ ಯಾವ ವಿಭಾಗದಲ್ಲಿ ಎಷ್ಟು ತಿಂಗಳು ಎಂಬುದು ಇದ್ದರೆ ಪತ್ರದಲ್ಲಿ ಬರೆದದ್ದಕ್ಕೆ ಅದೇ ಆಧಾರ. ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥರಿಂದ ಎರಡು ಸಾಲಿನ ಪ್ರತ್ಯೇಕ ಪತ್ರ ಕೇಳಿ ಪಡೆಯಿರಿ.

ಲಾಗ್‌ಬುಕ್ಕನ್ನು ಅಡಕದಲ್ಲಿ ಸೇರಿಸಬೇಡಿ, ಕೈಯಲ್ಲೇ ಒಯ್ಯಿರಿ. ಆ ಸೋಮವಾರ ಮತ್ತು ಮಂಗಳವಾರದ ಪುಟಕ್ಕೆ ಒಂದು ಚೀಟಿ ಇಟ್ಟಿರಿ, ಕೇಳಿದ ಕೂಡಲೇ ತೆರೆದು ಕೊಡಲು.